525 ರೂಪಾಯಿಯ ಕಾಳುಮೆಣಸಿಗೆ 368.60 ಬಂದದ್ದು ಹೇಗೆ?

ಪ್ರಶ್ನೆ: ಸಾಗರದಿಂದ ಆನ್‌ಲೈನ್‌ನಲ್ಲಿ ಕಾಳುಮೆಣಸು ಮಾರುತ್ತಿದ್ದೇನೆ, ಜಿಎಸ್‌ಟಿ ನೋಂದಣಿ ಇದೆ. ಅರ್ಧ ಕೆಜಿ ಪೊಟ್ಟಣಕ್ಕೆ 525 ರೂಪಾಯಿ. ಕಮಿಷನ್ 42, ನಿಗದಿತ ಶುಲ್ಕ 20, ಸಾಗಣೆ 68 ಎಂದು ತೋರಿಸುತ್ತಿದೆ. ಹಾಗಾದರೆ 395 ಬರಬೇಕಿತ್ತು, ಬಂದದ್ದು 368.60. ಉಳಿದದ್ದು ಎಲ್ಲಿ ಹೋಯಿತು?

ತೀರ್ಥಹಳ್ಳಿಯ ಕೆಲವು ಮಾರಾಟಗಾರರ ಲೆಕ್ಕ ನೋಡಿಕೊಳ್ಳುತ್ತೇನೆ. ಬಹುತೇಕ ಎಲ್ಲರೂ ಮುಗ್ಗರಿಸುವ ಜಾಗ ಇದೇ. ನಿಮ್ಮ ಲೆಕ್ಕ ಪೈಸೆಗೆ ಪೈಸೆ ಕೂಡುತ್ತದೆ.

ನೀವು ಹೇಳಿದ ಮೂರು ಶುಲ್ಕ ಸೇರಿ 130. ಇವು ಕಂಪನಿ ನಿಮಗೆ ಕೊಟ್ಟ ಸೇವೆಯ ಬೆಲೆ, ಆದ್ದರಿಂದ ಅದರ ಮೇಲೆ ಶೇ 18ರ ಜಿಎಸ್‌ಟಿ 23.40 ಬೀಳುತ್ತದೆ. ನಿಮ್ಮ 525ರಲ್ಲಿ ಮೆಣಸಿನ ಶೇ 5ರ ಜಿಎಸ್‌ಟಿ 25 ಸೇರಿದೆ, ಅಸಲು ಬೆಲೆ 500. ಆ 500ರ ಮೇಲೆ ಜಿಎಸ್‌ಟಿಯ ಟಿಸಿಎಸ್ ಶೇ 0.5, ಅಂದರೆ 2.50, ಆದಾಯ ತೆರಿಗೆಯ ಟಿಡಿಎಸ್ ಶೇ 0.1, ಅಂದರೆ 50 ಪೈಸೆ. ಎಲ್ಲ ಕಳೆದರೆ 368.60.

ಆದರೆ ಈ 26.40 ರೂಪಾಯಿ ಹೋಗಿಯೇ ಬಿಟ್ಟಿತು ಎಂದುಕೊಳ್ಳಬೇಡಿ. ನೀವು ಕಾಂಪೊಸಿಷನ್‌ನಲ್ಲಿಲ್ಲದಿದ್ದರೆ 23.40 ಹೂಡುವಳಿ ತೆರಿಗೆ ಜಮೆಯಾಗಿ ಸಿಗುತ್ತದೆ. ಕಟ್ಟಬೇಕಾದ 25ರಲ್ಲಿ ಅದನ್ನು ಕಳೆದರೆ ಉಳಿಯುವುದು 1.60. ಟಿಸಿಎಸ್ ಮಾತ್ರ ತಾನಾಗಿ ಬರುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ TDS and TCS Credit Received ತೆರೆದು ನೀವೇ ಒಪ್ಪಿಕೊಂಡರೆ ನಗದು ಲೆಡ್ಜರ್‌ಗೆ ಸೇರುತ್ತದೆ. ಟಿಡಿಎಸ್ ಅನ್ನು ವರ್ಷದ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹೀಗೆ ನೋಡಿದರೆ ನಿಮಗೆ ನಿಜವಾಗಿ ದಕ್ಕಿದ್ದು 370, ಅದರೊಳಗೆ ಮೆಣಸಿನ ಖರೀದಿ ಮತ್ತು ಪೊಟ್ಟಣದ ಖರ್ಚು ಬೇರೆ.

ನನಗೆ ಚುಚ್ಚುವುದು ತೆರಿಗೆಯಲ್ಲ, ಆ 68. ಹಲವು ಕಡೆ ಸಾಗಣೆ ದರ ಅರ್ಧ ಕೆಜಿಯ ಹಂತಗಳಲ್ಲಿ ಏರುತ್ತದೆ. ಅರ್ಧ ಕೆಜಿ ಮೆಣಸನ್ನು ಡಬ್ಬಿಗೆ ಹಾಕಿ ಟೇಪ್ ಸುತ್ತಿದರೆ ತಕ್ಕಡಿ 540, 550 ಗ್ರಾಂ ತೋರಿಸುತ್ತದೆ, ನೀವು ಮುಂದಿನ ಹಂತಕ್ಕೆ ಹೋದಿರಿ. ಡಬ್ಬಿ ದೊಡ್ಡದಾದರೂ ಇದೇ ಪಾಡು. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ರಿಂದ ಭಾಗಿಸುವುದು ರೂಢಿ: 20, 15, 10ರ ಡಬ್ಬಿ 600 ಗ್ರಾಂ ಎಂದೇ ಲೆಕ್ಕ. ತೂಕ, ಗಾತ್ರ ಎರಡರಲ್ಲಿ ಹೆಚ್ಚಿನದಕ್ಕೆ ದರ. 400 ಗ್ರಾಂ ಪೊಟ್ಟಣವನ್ನು ಸಣ್ಣ ಡಬ್ಬಿಯಲ್ಲಿಟ್ಟು ಬೆಲೆ ಹೊಂದಿಸಿ ನೋಡಿ.

ಇನ್ನೊಂದು ಮಾತು: ಬ್ಯಾಂಕಿಗೆ ಬರುವ ಮೊತ್ತವನ್ನು ಆ ವಾರದ ಆರ್ಡರ್‌ಗಳ ಜೊತೆ ತಾಳೆ ನೋಡಬೇಡಿ. ಅದರಲ್ಲಿ ಹಳೆಯ ಆರ್ಡರ್‌ಗಳಿರುತ್ತವೆ, ವಾಪಸಾದ ಸರಕಿನ ಸಾಗಣೆಯೂ ಕಳೆದಿರುತ್ತದೆ. ಪಾವತಿ ವರದಿ ಇಳಿಸಿಕೊಂಡು ಆರ್ಡರ್ ಸಂಖ್ಯೆ ಹಿಡಿದೇ ಹೊಂದಿಸಿ. ತೂಕ ಹೆಚ್ಚಿಗೆ ಹಾಕಿದ್ದು ಕಂಡರೆ ಅವರು ಕೊಟ್ಟ ಗಡುವಿನೊಳಗೆ ಆಕ್ಷೇಪ ಸಲ್ಲಿಸಿ. ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ತೆಗೆದ ಫೋಟೊ ಜೊತೆಗಿರಲಿ.