ಪಿ ಅಲೆಯ ನಂತರದ ಸಪಾಟು ಗೆರೆ

"ಇಸಿಜಿಯಲ್ಲಿ ಪಿ ಅಲೆ ಮುಗಿದ ಮೇಲೆ ಗೆರೆ ಸಪಾಟಾಗಿದೆ. ಅಷ್ಟು ಹೊತ್ತು ಹೃದಯದಲ್ಲಿ ಕರೆಂಟ್ ಇರಲ್ವಾ?"

ಇರುತ್ತದೆ, ಮೇಲಿನ ಹೃತ್ಕರ್ಣಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ಇರುವ ಎವಿ ನೋಡ್‌ನೊಳಗೆ ನಿಧಾನವಾಗಿ ಸಾಗುತ್ತಿರುತ್ತದೆ. ಆ ಗಂಟು ತೀರಾ ಚಿಕ್ಕದು, ಹಾಗಾಗಿ ಚರ್ಮದ ಮೇಲಿನ ಎಲೆಕ್ಟ್ರೋಡ್‌ಗೆ ಅದರ ಸಂಕೇತ ಸಿಗುವುದಿಲ್ಲ.

ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಎಸ್‌ಎ ನೋಡ್ ತಾನಾಗಿಯೇ ಮಿಡಿತ ಶುರು ಮಾಡುತ್ತದೆ. ಅದು ಎರಡೂ ಹೃತ್ಕರ್ಣಗಳಿಗೆ ಹರಡಿದಾಗ ಪಿ ಅಲೆ. ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯಲು ಸಾಮಾನ್ಯವಾಗಿ ಇರುವುದು ಎವಿ ನೋಡ್ ಒಂದೇ ದಾರಿ. ಅಲ್ಲಿ ಸುಮಾರು 0.1 ಸೆಕೆಂಡ್ ತಡವಾಗುತ್ತದೆ. ಈ ತಡ ಬೇಕೇ ಬೇಕು. ಅಷ್ಟರಲ್ಲಿ ಹೃತ್ಕರ್ಣಗಳು ಕುಗ್ಗಿ ರಕ್ತವನ್ನು ಕೆಳಗೆ ತುಂಬಿಸುತ್ತವೆ. ಆಮೇಲೆ ಸಂಕೇತ ಹಿಸ್ ಕಟ್ಟು, ಅದರ ಕವಲುಗಳು, ಪರ್ಕಿಂಜಿ ಎಳೆಗಳು ಎಂಬ ವಾಹಕ ತಂತುಗಳಲ್ಲಿ ಇಳಿಯುತ್ತದೆ. ಇಲ್ಲಿ ಓಟ ಜೋರು, 0.12 ಸೆಕೆಂಡಿನೊಳಗೆ ಎರಡೂ ಹೃತ್ಕುಕ್ಷಿಗಳಿಗೆ ಸಂಕೇತ ಮುಟ್ಟುತ್ತದೆ. ಅದೇ ಇಸಿಜಿಯಲ್ಲಿ ಎದ್ದು ಕಾಣುವ ಚೂಪು ಅಲೆ, ಕ್ಯುಆರ್‌ಎಸ್.

ನಿಮ್ಮ ಇಸಿಜಿ ಪಟ್ಟಿಯಲ್ಲಿ ಪಿ ಶುರುವಿನಿಂದ ಕ್ಯುಆರ್‌ಎಸ್ ಶುರುವಿನವರೆಗೆ ಚಿಕ್ಕ ಚೌಕಗಳನ್ನು ಎಣಿಸಿ. ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ ಇದ್ದರೆ ಒಂದು ಚೌಕ 0.04 ಸೆಕೆಂಡ್. 3ರಿಂದ 5 ಚೌಕ ಸಹಜ. 6 ಬಂದರೆ 0.24 ಸೆಕೆಂಡ್ ಆಯ್ತು, ಜಾಸ್ತಿ. ಪ್ರತಿ ಪಿ ಆದಮೇಲೂ ಕ್ಯುಆರ್‌ಎಸ್ ಬರುತ್ತಿದ್ದರೆ ಅದು ಮೊದಲ ಹಂತದ ಎವಿ ಬ್ಲಾಕ್, ಅಂದರೆ ಸಂಕೇತ ತಡವಾಗುತ್ತದೆ, ನಿಲ್ಲುವುದಿಲ್ಲ. ತಡ ಹೆಚ್ಚಾಗಿ ಎವಿ ನೋಡ್‌ನಲ್ಲೇ ಇರುತ್ತದೆ. ಕ್ಯುಆರ್‌ಎಸ್ ಅಗಲವಾಗಿದ್ದರೆ ಇನ್ನೂ ಕೆಳಗೂ ಇರಬಹುದು, ಬರೀ ಪಟ್ಟಿ ನೋಡಿ ಖಚಿತವಾಗಿ ಹೇಳಲಾಗದು. ಪಿ ಬಂದೂ ಕ್ಯುಆರ್‌ಎಸ್ ಬಾರದ ಜಾಗ ಕಂಡರೆ ಇವತ್ತೇ ವೈದ್ಯರಿಗೆ ತೋರಿಸಿ.