ಈಚ್ ಎಲ್ಲಿ ಕೂತಿದೆ ನೋಡಿ, ಆಮೇಲೆ ಹ್ಯಾಸ್ ಅಥವಾ ಹ್ಯಾವ್

ಪ್ರಶ್ನೆ: ‘ಈಚ್ ಆಫ್ ದ ಸ್ಟೂಡೆಂಟ್ಸ್’ ಅಂದ್ರೆ ಹ್ಯಾಸ್, ‘ದ ಸ್ಟೂಡೆಂಟ್ಸ್ ಈಚ್’ ಅಂದ್ರೆ ಹ್ಯಾವ್ ಅಂತ ಗೈಡ್‌ನಲ್ಲಿದೆ. ಮಕ್ಕಳು ಅವರೇ, ಪದವೂ ಅದೇ. ಮತ್ತೆ ಯಾಕೆ ಬದಲಾಗುತ್ತೆ? ಎವ್ರಿ, ಆಲ್, ಬೋತ್, ಈದರ್, ನೈದರ್ ಎಲ್ಲದಕ್ಕೂ ಬೇರೆ ಬೇರೆ ರೂಲ್ ಬಾಯಿಪಾಠ ಮಾಡ್ಬೇಕಾ?

ಬಾಯಿಪಾಠ ಬೇಡ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಇಂಗ್ಲಿಷ್ ಕ್ರಿಯಾಪದ ಎಣಿಸುವುದಿಲ್ಲ. ಕರ್ತೃವಿನ ಜಾಗದಲ್ಲಿ ಯಾವ ಪದ ಇದೆ, ಅದು ಒಂದೋ ಹಲವೋ, ಅಷ್ಟೇ ನೋಡುತ್ತದೆ. ಹಾಗಾಗಿ ಮೊದಲು ಕಂಡುಹಿಡಿಯಬೇಕಾದ್ದು ಕರ್ತೃ ಯಾರು ಅಂತ. ಪರೀಕ್ಷೆಗೆ ಓದುವವರಿಗೆ ಪಾಠ ಮಾಡುವಾಗ ನಾನು ಹೇಳಿಕೊಡುವ ಉಪಾಯ ಒಂದಿದೆ: ಅನುಮಾನ ಬಂದ ಪದವನ್ನು ವಾಕ್ಯದಿಂದ ತೆಗೆದು ಓದಿ.

‘ದ ಸ್ಟೂಡೆಂಟ್ಸ್ ಈಚ್ ಹ್ಯಾವ್ ಎ ಬುಕ್’ ತಗೊಳ್ಳಿ. ಈಚ್ ತೆಗೆಯಿರಿ. ‘ದ ಸ್ಟೂಡೆಂಟ್ಸ್ ಹ್ಯಾವ್ ಎ ಬುಕ್’ ಉಳಿಯಿತು. ಒಬ್ಬೊಬ್ಬರಿಗೆ ಒಂದೊಂದು ಅನ್ನುವ ಅರ್ಥ ಹೋಯಿತು, ಆದರೆ ವಾಕ್ಯ ನಿಂತಿದೆ. ಅಂದರೆ ಈಚ್ ಅಲ್ಲಿ ಕರ್ತೃ ಆಗಿರಲಿಲ್ಲ, ಸುಮ್ನೆ ಪಕ್ಕದಲ್ಲಿ ಇತ್ತು. ಕರ್ತೃ ಸ್ಟೂಡೆಂಟ್ಸ್, ಅದು ಬಹುವಚನ, ಅದಕ್ಕೇ ಹ್ಯಾವ್. ಈಗ ‘ಈಚ್ ಆಫ್ ದ ಸ್ಟೂಡೆಂಟ್ಸ್ ಹ್ಯಾಸ್ ಎ ಬುಕ್’ ನೋಡಿ. ಈಚ್ ತೆಗೆದರೆ ‘ಆಫ್ ದ ಸ್ಟೂಡೆಂಟ್ಸ್’ ಅಂತ ಶುರುವಾಗುತ್ತದೆ. ವಾಕ್ಯ ಬಿದ್ದೇ ಹೋಯಿತು. ಹಾಗಾದರೆ ಕರ್ತೃ ಈಚ್, ಅದು ಏಕವಚನ. ಆಫ್ ಆದ ಮೇಲೆ ಬಂದ ಸ್ಟೂಡೆಂಟ್ಸ್ ಯಾವ ಗುಂಪಿನಿಂದ ಅಂತ ತಿಳಿಸುತ್ತದೆ, ಕ್ರಿಯಾಪದದ ಮೇಲೆ ಅದಕ್ಕೆ ಅಧಿಕಾರ ಇಲ್ಲ.

ಈ ಪಕ್ಕದ ಜಾಗದಲ್ಲಿ ಈಚ್ ಒಂದೇ ಅಲ್ಲ, ಆಲ್ ಮತ್ತು ಬೋತ್ ಕೂಡ ಇರಬಹುದು. ‘ದೇ ಆಲ್ ಹ್ಯಾವ್’, ‘ದೇ ಬೋತ್ ಹ್ಯಾವ್’, ‘ದೇ ಈಚ್ ಹ್ಯಾವ್’ ಮೂರೂ ಒಂದೇ ಥರ. ಕೆಲವೊಮ್ಮೆ ಇನ್ನೂ ಒಳಗೆ ಹೋಗಿ ‘ದೇ ಹ್ಯಾವ್ ಈಚ್ ರಿಸೀವ್ಡ್ ಎ ಲೆಟರ್’ ಅಂತಲೂ ಆಗುತ್ತದೆ. ಆಲ್, ಬೋತ್ ಬಂದಾಗ ಹೇಗೂ ಬಹುವಚನವೇ ಆಗಿರುವುದರಿಂದ ಯಾರಿಗೂ ತೊಂದರೆ ಆಗುವುದಿಲ್ಲ. ಈಚ್ ಬಂದಾಗ ಮಾತ್ರ ‘ಈಚ್ ಅಂದ್ರೆ ಹ್ಯಾಸ್’ ಅಂತ ಕೈ ತಾನಾಗಿ ಬರೆದುಬಿಡುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ‘ಈಚ್ ಬಾಯ್ ಆಂಡ್ ಗರ್ಲ್ ಹ್ಯಾಸ್ ಎ ಟಿಕೆಟ್’ ಸರಿ. ‘ದ ಬಾಯ್ ಆಂಡ್ ದ ಗರ್ಲ್ ಈಚ್ ಹ್ಯಾವ್ ಎ ಟಿಕೆಟ್’ ಕೂಡ ಸರಿ. ಎರಡನೆಯದರಲ್ಲಿ ಈಚ್ ತೆಗೆದು ನೋಡಿ, ಗೊತ್ತಾಗುತ್ತದೆ.

ಎವ್ರಿ ಯಾವಾಗಲೂ ಏಕವಚನದ ಕಡೆ, ಆದರೆ ಒಂಟಿಯಾಗಿ ನಿಲ್ಲುವ ಶಕ್ತಿ ಅದಕ್ಕಿಲ್ಲ. ‘ಎವ್ರಿ ಆಫ್ ದ ಸ್ಟೂಡೆಂಟ್ಸ್’ ತಪ್ಪು, ‘ಎವ್ರಿ ಒನ್ ಆಫ್ ದ ಸ್ಟೂಡೆಂಟ್ಸ್’ ಅನ್ನಬೇಕು. ‘ದ ಸ್ಟೂಡೆಂಟ್ಸ್ ಎವ್ರಿ ಹ್ಯಾವ್’ ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು, ಇರುವುದೇ ಎರಡು ಅಂದಾಗ ಎವ್ರಿ ಹೊಂದುವುದಿಲ್ಲ. ಎರಡು ಕೈಗೆ ‘ಈಚ್ ಹ್ಯಾಂಡ್’ ಅನ್ನಬೇಕು.

ಕನ್ನಡದವರು ಎಡವುವುದಕ್ಕೆ ನಮ್ಮದೇ ಕಾರಣಗಳಿವೆ. ಗೈಡ್‌ಗಳಲ್ಲಿ ಇದು ಇರುವುದಿಲ್ಲ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಅನ್ನುತ್ತೇವೆ. ಒಬ್ಬರು ಅನ್ನುವುದರ ಕೊನೆಯ ‘ರು’ ಮರ್ಯಾದೆಯದ್ದು, ಕ್ರಿಯಾಪದವೂ ಅದನ್ನೇ ಹಿಡಿದು ‘ಇದ್ದಾರೆ’ ಆಗುತ್ತದೆ. ಆ ‘ದ್ದಾರೆ’ ತಲೆಯಲ್ಲಿಟ್ಟುಕೊಂಡು ಇಂಗ್ಲಿಷಿಗೆ ಹೋದರೆ ‘ಎವ್ರಿಬಡಿ ಹ್ಯಾವ್ ಕಮ್’ ಆಗದೆ ಇನ್ನೇನಾಗುತ್ತದೆ? ಅಲ್ಲಿ ಬೇಕಾದ್ದು ‘ಎವ್ರಿಬಡಿ ಹ್ಯಾಸ್ ಕಮ್’. ವಸ್ತುಗಳ ವಿಷಯಕ್ಕೆ ಬಂದರೆ ತಪ್ಪು ಉಲ್ಟಾ ಆಗುತ್ತದೆ. ಬರವಣಿಗೆಯಲ್ಲಿ ‘ಎರಡೂ ಸರಿ ಇವೆ’ ಅಂತ ಬರೆದರೂ ಮಾತಿನಲ್ಲಿ ‘ಎರಡೂ ಸರಿ ಇದೆ’, ‘ಮೂರು ಪುಸ್ತಕ ಇದೆ’ ಅನ್ನುವವರೇ ಜಾಸ್ತಿ. ಆ ‘ಇದೆ’ ನೇರವಾಗಿ ‘ಬೋತ್ ಈಸ್ ಕರೆಕ್ಟ್’ ಆಗಿ ಇಳಿಯುತ್ತದೆ. ಬೋತ್‌ಗೆ ಏಕವಚನ ಎಂದೂ ಇಲ್ಲ, ‘ಬೋತ್ ಆರ್ ಕರೆಕ್ಟ್’ ಅಂತಲೇ ಆಗಬೇಕು.

ಎವ್ರಿಬಡಿ, ಎವ್ರಿಒನ್ ವಿಷಯದಲ್ಲಿ ಇಂಗ್ಲಿಷ್ ಕೂಡ ಪೂರ್ತಿ ನೆಟ್ಟಗಿಲ್ಲ, ಅದೂ ನಿಜ. ‘ಎವ್ರಿಒನ್ ಹ್ಯಾಸ್ ಬ್ರಾಟ್ ದೇರ್ ಬುಕ್’ ಅನ್ನುವಾಗ ಕ್ರಿಯಾಪದ ಏಕವಚನ, ಅದರ ಹಿಂದೆಯೇ ಬರುವ ದೇರ್ ಬಹುವಚನದ್ದು. ಕೊನೆಗೆ ಚಿಕ್ಕ ಪ್ರಶ್ನೆ ಅಂಟಿಸಿದರೆ ‘ಎವ್ರಿಒನ್ ಹ್ಯಾಸ್ ಕಮ್, ಹ್ಯಾವಂಟ್ ದೇ?’ ಆಗುತ್ತದೆ. ಒಂದೇ ವಾಕ್ಯದಲ್ಲಿ ಹ್ಯಾಸ್, ಹ್ಯಾವ್ ಎರಡೂ! ಇಲ್ಲೂ ನಿಯಮ ಮುರಿದಿಲ್ಲ. ಹ್ಯಾಸ್ ನೋಡಿದ್ದು ಎವ್ರಿಒನ್ ಕಡೆ, ಹ್ಯಾವಂಟ್ ನೋಡಿದ್ದು ದೇ ಕಡೆ.

ಇದೇ ಥರ ಎರಡು ಕ್ರಿಯಾಪದ ಇರುವ ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ‘ಈಚ್ ಆಫ್ ದ ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಅಪ್ಲೈಡ್ ಹ್ಯಾವ್ ಬೀನ್ ಕಾಲ್ಡ್.’ ತಪ್ಪು ಎಲ್ಲಿದೆ ಅಂತ ಕೇಳಿದರೆ ‘ಈಚ್ ಇದೆ, ಮೊದಲ ಹ್ಯಾವ್ ತಪ್ಪು’ ಅಂತ ಅಲ್ಲಿಗೇ ಟಿಕ್ ಹಾಕಿ ಮುಂದೆ ಹೋಗುವವರು ತುಂಬಾ ಜನ. ನಿಧಾನವಾಗಿ ನೋಡಿ. ಅರ್ಜಿ ಹಾಕಿದವರು ಯಾರು? ಕ್ಯಾಂಡಿಡೇಟ್ಸ್. ಹೂ ಅನ್ನುವುದು ಅವರನ್ನೇ ಸೂಚಿಸುತ್ತದೆ. ಹಾಗಾಗಿ ‘ಹೂ ಹ್ಯಾವ್ ಅಪ್ಲೈಡ್’ ಸರಿಯಾಗಿಯೇ ಇದೆ. ಈಗ ಆ ತುಣುಕನ್ನು ಬೆರಳಿನಿಂದ ಮುಚ್ಚಿ. ‘ಈಚ್ ಆಫ್ ದ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಕಾಲ್ಡ್’ ಉಳಿಯಿತು. ಕರೆದಿರುವುದು ಈಚ್ ಅನ್ನು. ಹಾಗಾಗಿ ಎರಡನೆಯದು ಹ್ಯಾಸ್ ಆಗಬೇಕು. ಸರಿಯಾದ ವಾಕ್ಯ: ‘ಈಚ್ ಆಫ್ ದ ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಅಪ್ಲೈಡ್ ಹ್ಯಾಸ್ ಬೀನ್ ಕಾಲ್ಡ್.’ ಕಿವಿಗೆ ಸ್ವಲ್ಪ ಒರಟು, ಒಪ್ಪುತ್ತೇನೆ. ಆದರೆ ವ್ಯಾಕರಣ ಸರಿ.

ಆಲ್ ಮಾತ್ರ ಬೇರೆ ಸ್ವಭಾವದ್ದು. ಅದಕ್ಕೆ ತನ್ನದೇ ಅಂತ ವಚನ ಇಲ್ಲ. ಹಿಂದೆ ಬರುವ ನಾಮಪದ ಎಣಿಸುವಂಥದ್ದಾದರೆ ಬಹುವಚನ, ಅಳೆಯುವಂಥದ್ದಾದರೆ ಏಕವಚನ. ‘ಆಲ್ ದ ಬಾಟಲ್ಸ್ ಆರ್ ಎಂಪ್ಟಿ’, ‘ಆಲ್ ದ ಮಿಲ್ಕ್ ಈಸ್ ಸ್ಪಾಯ್ಲ್ಡ್’. ‘ಆಲ್ ಆಫ್ ದ ಮಿಲ್ಕ್’ ಅಂದರೂ ಅಷ್ಟೇ. ಅಂದರೆ ಈಚ್‌ನಲ್ಲಿ ಆಫ್ ಆಚೆ ಇರುವುದನ್ನು ಮರೆಯಿರಿ ಅಂದೆ, ಆಲ್‌ನಲ್ಲಿ ಅದನ್ನೇ ನೋಡಬೇಕು. ನಾಮಪದವೇ ಇಲ್ಲದಿದ್ದರೆ ಅರ್ಥ ನೋಡಿ. ಜನ ಅನ್ನುವ ಅರ್ಥ ಇದ್ದರೆ ‘ಆಲ್ ಆರ್ ಇನ್ವೈಟೆಡ್’. ಒಟ್ಟು ಪರಿಸ್ಥಿತಿಯ ಬಗ್ಗೆ ಹೇಳುತ್ತಿದ್ದರೆ ‘ಆಲ್ ಈಸ್ ವೆಲ್’. ಮನೆಯವರೆಲ್ಲ ಆರೋಗ್ಯವಾಗಿದ್ದಾರೆ ಅನ್ನಬೇಕಾದರೆ ‘ಆಲ್ ಆರ್ ವೆಲ್’.

ಇನ್ನು ಬೋತ್ ಮತ್ತು ನೈದರ್. ಇವನ್ನು ಜೋಡಿಯಾಗಿ ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ‘ಇಬ್ಬರೂ ಬಂದಿದ್ದಾರೆ’, ‘ಇಬ್ಬರೂ ಬಂದಿಲ್ಲ’. ಕರ್ತೃ ಹಾಗೇ ಇದ್ದು ಕ್ರಿಯಾಪದ ಮಾತ್ರ ಇಲ್ಲ ಆಗುತ್ತದೆ. ಅದೇ ದಾರಿಯಲ್ಲಿ ‘ಬೋತ್ ಹ್ಯಾವ್ ನಾಟ್ ಕಮ್’ ಅಂದರೆ ಕೇಳಿದವರಿಗೆ ಗೊಂದಲ: ಒಬ್ಬರೂ ಬಂದಿಲ್ಲವೋ, ಅಥವಾ ಒಬ್ಬರು ಬಂದು ಇನ್ನೊಬ್ಬರು ಬಂದಿಲ್ಲವೋ? ಇಂಗ್ಲಿಷ್‌ನಲ್ಲಿ ಇಲ್ಲ ಅನ್ನುವುದನ್ನು ಕರ್ತೃವಿನ ಒಳಗೇ ಸೇರಿಸಿ ನೈದರ್ ಮಾಡುತ್ತಾರೆ, ಜೊತೆಗೆ ವಚನವೂ ಬದಲಾಗುತ್ತದೆ. ‘ಬೋತ್ ಆಫ್ ದೆಮ್ ಹ್ಯಾವ್ ಕಮ್’ ಇದ್ದದ್ದು ‘ನೈದರ್ ಆಫ್ ದೆಮ್ ಹ್ಯಾಸ್ ಕಮ್’ ಆಯಿತು. ನಾಟ್ ಬೇಡ, ನೈದರ್‌ನಲ್ಲೇ ಅದು ಇದೆ. ಹಿಂದೆ ನೇರವಾಗಿ ನಾಮಪದ ಬಂದರೂ ಹಾಗೇ: ‘ಬೋತ್ ಆನ್ಸರ್ಸ್ ಆರ್ ರಾಂಗ್’, ‘ನೈದರ್ ಆನ್ಸರ್ ಈಸ್ ರೈಟ್’. ಆನ್ಸರ್ಸ್ ಇದ್ದದ್ದು ಆನ್ಸರ್ ಆಗಿದೆ ನೋಡಿ.

ಈದರ್ ಕೂಡ ನೈದರ್ ಥರವೇ, ‘ಈದರ್ ಆಫ್ ದ ರೂಮ್ಸ್ ಈಸ್ ಫೈನ್’. ಎರಡರಲ್ಲಿ ಯಾವುದಾದರೂ ಒಂದು. ಮೂರು ರೂಮ್ ಇದ್ದರೆ ಎನಿ ಬಳಸಬೇಕು. ಇಂಗ್ಲಿಷ್ ಮನೆಮಾತಿನವರು ‘ನೈದರ್ ಆಫ್ ದೆಮ್ ಆರ್’ ಅನ್ನುವುದನ್ನೂ ಕೇಳಿರುತ್ತೀರಿ. ಸಲುಗೆಯ ಮಾತಿನಲ್ಲಿ ಅದು ಸಾಮಾನ್ಯ, ಅದನ್ನು ತಪ್ಪು ಅಂತ ಜಗಳ ಆಡುವುದರಲ್ಲಿ ಅರ್ಥ ಇಲ್ಲ. ಆದರೆ ಪರೀಕ್ಷೆ, ಆಫೀಸ್ ಪತ್ರಗಳಲ್ಲಿ ಏಕವಚನವನ್ನೇ ಹಿಡಿಯಿರಿ.

ಕೊನೆಗೆ ಉಳಿದದ್ದು ಜೋಡಿ ಪದಗಳು: ಈದರ್ ಜೊತೆ ಓರ್, ನೈದರ್ ಜೊತೆ ನಾರ್. ಇಲ್ಲಿ ಲೆಕ್ಕ ಬದಲಾಗುತ್ತದೆ. ಕರ್ತೃ ಎರಡಿವೆ, ಯಾವುದನ್ನು ನೋಡಬೇಕು? ಕ್ರಿಯಾಪದಕ್ಕೆ ಹತ್ತಿರ ಇರುವುದನ್ನು. ‘ನೈದರ್ ದ ಪ್ರಿನ್ಸಿಪಾಲ್ ನಾರ್ ದ ಟೀಚರ್ಸ್ ವರ್ ಇನ್ಫಾರ್ಮ್ಡ್’. ತಿರುಗಿಸಿದರೆ ‘ನೈದರ್ ದ ಟೀಚರ್ಸ್ ನಾರ್ ದ ಪ್ರಿನ್ಸಿಪಾಲ್ ವಾಸ್ ಇನ್ಫಾರ್ಮ್ಡ್’. ಎರಡೂ ಸರಿ, ಆದರೆ ಎರಡನೆಯದು ಕಿವಿಗೆ ಚುಚ್ಚುತ್ತದೆ. ಅದಕ್ಕೇ ಬಹುವಚನವನ್ನು ಕೊನೆಗೆ ಇಡುವುದು ಒಳ್ಳೆಯದು. ಒಂದು ಕಡೆ ಐ ಬಂದರೆ ಇನ್ನೂ ಕಷ್ಟ. ‘ನೈದರ್ ರವಿ ನಾರ್ ಐ ಆ್ಯಮ್ ಗೋಯಿಂಗ್’ ನಿಯಮದ ಪ್ರಕಾರ ಸರಿ, ಹೇಳಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಆ್ಯಮ್‌ಗೆ ಟಿಕ್ ಹಾಕಿ. ನೀವೇ ಬರೆಯುವಾಗ ‘ರವಿ ಈಸ್ ನಾಟ್ ಗೋಯಿಂಗ್, ಆಂಡ್ ನೈದರ್ ಆ್ಯಮ್ ಐ’ ಅಂತ ಒಡೆದುಬಿಡಿ.