ಹೆಜ್ಜೆ ದೊಡ್ಡದಾದರೆ ಲೋಲಕ ಬೇಗ ನಿಲ್ಲುವುದೇಕೆ?

"1 ಮೀಟರ್ ಉದ್ದದ ಲೋಲಕ, θ'' = −0.1θ' − 9.81 sin θ, ಆರಂಭ 5 ಡಿಗ್ರಿ. ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನದಲ್ಲಿ ಹೆಜ್ಜೆ h = 0.4 ಸೆಕೆಂಡ್ ಇಟ್ಟರೆ ಬೇಗ ನಿಲ್ಲುತ್ತದೆ, 0.1 ಇಟ್ಟರೆ ನಿಧಾನ. ಯಾವುದನ್ನು ನಂಬಲಿ?"

0.1 ಅನ್ನು ನಂಬಿ. 0.4ರಲ್ಲಿ ನೀವು ನೋಡುತ್ತಿರುವ ಕುಸಿತದ ಅರ್ಧದಷ್ಟು ಗಾಳಿಯ ಪ್ರತಿರೋಧದ್ದಲ್ಲ, ವಿಧಾನದ್ದೇ.

ಸಣ್ಣ ಕೋನಗಳಲ್ಲಿ ಲೋಲಕದ ಕೋನೀಯ ಆವೃತ್ತಿ ω ಸೆಕೆಂಡಿಗೆ ಸುಮಾರು 3.13 ರೇಡಿಯನ್. ಪ್ರತಿರೋಧವೇ ಇಲ್ಲದಿದ್ದರೂ ಈ ವಿಧಾನ ಪ್ರತಿ ಹೆಜ್ಜೆಗೆ ಆಂದೋಲನದ ಪಾರವನ್ನು ಸುಮಾರು (hω)⁶/144 ಪಾಲಿನಷ್ಟು ಕದಿಯುತ್ತದೆ. h = 0.4 ಆದಾಗ ಈ ಸೂತ್ರ ಸ್ವಲ್ಪ ಹೆಚ್ಚೇ ತೋರಿಸುತ್ತದೆ; ಪೂರ್ತಿ ಲೆಕ್ಕ ಹಾಕಿದರೆ ಕಳವು ಸೆಕೆಂಡಿಗೆ ಸುಮಾರು 0.05, ನಿಮ್ಮ ಸಮೀಕರಣದ ನಿಜವಾದ ಕುಸಿತದ ದರವೂ 0.1/2, ಅಂದರೆ 0.05! ಹಾಗಾಗಿ 20 ಸೆಕೆಂಡಿನ ಹೊತ್ತಿಗೆ 1.8 ಡಿಗ್ರಿ ಉಳಿಯಬೇಕಾದಲ್ಲಿ ಸುಮಾರು 0.6 ಮಾತ್ರ ಉಳಿಯುತ್ತದೆ. ವಕ್ರರೇಖೆ ನುಣುಪಾಗಿಯೇ ಕಾಣುವುದರಿಂದ ಅನುಮಾನವೂ ಬರುವುದಿಲ್ಲ, ಅದೇ ಇದರ ಕೆಟ್ಟ ಗುಣ. ಹೆಜ್ಜೆ 0.9 ದಾಟಿದರೆ ಪಾರ ಬೆಳೆಯತೊಡಗುತ್ತದೆ. ಆ ತಪ್ಪಾದರೂ ಕಣ್ಣಿಗೆ ಬೀಳುತ್ತದೆ.

ಸೆಕೆಂಡಿನ ಲೆಕ್ಕದಲ್ಲಿ ಈ ಸುಳ್ಳು ಕುಸಿತ h⁵ಕ್ಕೆ ಅನುಪಾತದಲ್ಲಿದೆ. 0.2ರಲ್ಲಿ ಅದು ನಿಜವಾದ ದರದ ಶೇ. 4ರಷ್ಟು, 0.1ರಲ್ಲಿ ಶೇ. 0.13 ಮಾತ್ರ. ಪ್ರತಿರೋಧ ಇನ್ನೂ ಕಡಿಮೆಯಿದ್ದರೆ, ಉದಾಹರಣೆಗೆ 0.001, ಈ 0.1 ಕೂಡ ಸಾಲದು. ಆದ್ದರಿಂದ ಹೆಜ್ಜೆಯನ್ನು ಆವರ್ತಕಾಲ ನೋಡಿ ಮಾತ್ರವಲ್ಲ, ಪ್ರತಿರೋಧವನ್ನೂ ನೋಡಿ ಆರಿಸಿ.

ಪರೀಕ್ಷೆ ಸುಲಭ: h ಮತ್ತು h/2 ಎರಡರಲ್ಲೂ ಓಡಿಸಿ, ಒಂದೇ ಕ್ಷಣದ θಗಳನ್ನು ಹೋಲಿಸಿ. ಹೆಜ್ಜೆ ಸಾಕಷ್ಟು ಚಿಕ್ಕದಿದ್ದರೆ, ಆ ವ್ಯತ್ಯಾಸದ ಹದಿನೈದನೇ ಒಂದು ಭಾಗವೇ h/2ರ ಉತ್ತರದಲ್ಲಿರುವ ದೋಷದ ಅಂದಾಜು.